ಅಡಿಕೆ ದರದ ಆ್ಯಪ್: ಬಿಡುಗಡೆಯಾದ ಮೇಲಿನ ವರ್ಷದ ಖರ್ಚನ್ನು ಲೆಕ್ಕಕ್ಕೆ ತಂದ ಬಗೆ

ಶಿರಸಿ ಕಡೆಯ ಒಂದು ಅಡಿಕೆ ಮಾರಾಟ ಸಂಘಕ್ಕೆ ನಾನು ಮಾಡಿಕೊಟ್ಟ ಆ್ಯಪ್ 2023ರಿಂದ ನಡೆಯುತ್ತಿದೆ. ಅದರ ಕೆಲಸ ಇಷ್ಟೇ. ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಲ್ಲದರ ಆ ದಿನದ ದರ ಸದಸ್ಯರ ಫೋನಿಗೆ ಹೋಗುತ್ತದೆ. ತೂಕದ ಚೀಟಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತಮ್ಮ ಲಾಟ್ ಎಷ್ಟಕ್ಕೆ ಹೋಯಿತು, ಪಟ್ಟಿ ಹಣ ಯಾವಾಗ ಬರುತ್ತದೆ ಎಂದು ಕಾಣುತ್ತದೆ. ಫ್ಲಟರ್‌ನಲ್ಲಿ ಬರೆದದ್ದು, ಆಂಡ್ರಾಯ್ಡ್‌ಗೂ ಐಫೋನ್‌ಗೂ ಒಂದೇ ಕೋಡ್. ಕಟ್ಟುವುದಕ್ಕೆ ಆದ ಖರ್ಚು ₹4.5 ಲಕ್ಷ.

ಸಂಘದ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ 2026-27ರ ನಿರ್ವಹಣೆ ಖರ್ಚಿನ ಅಂದಾಜನ್ನು ಆಡಳಿತ ಮಂಡಳಿಯ ಮುಂದೆ ಇಡಬೇಕಿತ್ತು. ಕಾರ್ಯದರ್ಶಿಗಳ ಪ್ರಶ್ನೆ ನೇರವಾಗಿತ್ತು: "ಆ್ಯಪ್ ನಡೀತಾ ಇದೆಯಲ್ಲ, ಸದಸ್ಯರು ಯಾರೂ ತಕರಾರು ಹೇಳಿಲ್ಲ. ಹೊಸದೇನೂ ಸೇರಿಸ್ತಾ ಇಲ್ಲ. ಮತ್ತೆ ಇಷ್ಟು ತಾಸಿನ ಕೆಲಸ ಎಲ್ಲಿಂದ ಬಂತು?" ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದಕ್ಕೆ 2025ರಲ್ಲಿ ಏನೇನು ಮಾಡಿದೆ ಅನ್ನುವುದನ್ನು ಒಂದೊಂದಾಗಿ ಬಿಡಿಸಿ, ಅದರ ಮೇಲೆ ಮುಂದಿನ ವರ್ಷದ ಲೆಕ್ಕ ಕಟ್ಟಿದೆ. ಆ ಕೆಲಸದ ದಾಖಲೆ ಇದು.

ಮೊದಲೇ ಒಂದು ಮಾತು. ಕಟ್ಟಿದ ಖರ್ಚಿನ ನೂರಕ್ಕೆ 15-20ರಷ್ಟನ್ನು ವರ್ಷದ ನಿರ್ವಹಣೆಗೆ ಇಟ್ಟರೆ ಸಾಕು ಎಂದು ಈ ಕಸುಬಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮಗೆ ₹67,500ರಿಂದ ₹90,000 ಸಾಕಾಗಬೇಕು. ದೊಡ್ಡ ಆ್ಯಪ್‌ಗೆ ಇದು ಸರಿ ಹೋಗಬಹುದು. ಸಣ್ಣ ಆ್ಯಪ್‌ಗೆ ಸಾಲದು. ಯಾಕೆಂದರೆ ಆಂಡ್ರಾಯ್ಡ್ ಹೊಸ ಆವೃತ್ತಿಗೆ ಹೊಂದಿಸುವ ಕೆಲಸ ಐದು ಪರದೆಯ ಆ್ಯಪ್‌ಗೂ ಇದೆ, ಐವತ್ತು ಪರದೆಯದಕ್ಕೂ ಇದೆ. ಐವತ್ತು ಪರದೆಯದಕ್ಕೆ ಹತ್ತು ಪಟ್ಟು ಜಾಸ್ತಿ ಏನೂ ಆಗುವುದಿಲ್ಲ. ಆದ್ದರಿಂದ ನಾನು ಶೇಕಡಾವಾರು ಬಿಟ್ಟು, ಸ್ಟೋರ್‌ಗಳ ಗಡುವು ಮತ್ತು ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳ ಪಟ್ಟಿ ಎರಡನ್ನೇ ಹಿಡಿದುಕೊಂಡೆ.

ಗಡುವುಗಳು

ಗೂಗಲ್ ಪ್ಲೇಯಲ್ಲಿ ಪ್ರತಿ ಆ್ಯಪ್ ತಾನು ಆಂಡ್ರಾಯ್ಡ್‌ನ ಯಾವ ಆವೃತ್ತಿಗೆ ಹೊಂದಿಸಿ ಬರೆದದ್ದು ಎಂದು ಹೇಳಬೇಕು. ಆ ಸಂಖ್ಯೆಯೇ `targetSdk`. 33 ಅಂದರೆ ಆಂಡ್ರಾಯ್ಡ್ 13, 34 ಅಂದರೆ 14, 35 ಅಂದರೆ 15. ಪ್ರತಿ ವರ್ಷ ಆಗಸ್ಟ್ 31ಕ್ಕೆ ಇದರ ಕನಿಷ್ಠ ಮಟ್ಟ ಒಂದು ಮೆಟ್ಟಿಲು ಏರುತ್ತಿದೆ. 2023ರಲ್ಲಿ 33 ಇತ್ತು, 2024ರಲ್ಲಿ 34, 2025ರಲ್ಲಿ 35. ಕೇಳಿಕೊಂಡರೆ ನವೆಂಬರ್ 1ರವರೆಗೆ ಸಮಯ ಕೊಡುತ್ತಾರೆ, ಅಷ್ಟೇ.

ಇಲ್ಲಿ ಎರಡು ನಿಯಮ ಇವೆ. ಬಜೆಟ್ ನಿಂತಿರುವುದೇ ಇವೆರಡರ ನಡುವಿನ ವ್ಯತ್ಯಾಸದ ಮೇಲೆ. ಹೊಸ ಆ್ಯಪ್ ಹಾಕುವವರಿಗೂ ಅಪ್‌ಡೇಟ್ ಹಾಕುವವರಿಗೂ ಆ ವರ್ಷದ ಸಂಖ್ಯೆಯೇ ಬೇಕು. ಈಗಾಗಲೇ ಸ್ಟೋರ್‌ನಲ್ಲಿದ್ದು ಸುಮ್ನೆ ಕೂತ ಆ್ಯಪ್‌ಗೆ ಒಂದು ಮೆಟ್ಟಿಲು ಕೆಳಗಿದ್ದರೂ ನಡೆಯುತ್ತದೆ. ಅದಕ್ಕಿಂತಲೂ ಹಿಂದೆ ಬಿದ್ದರೆ, ಹೊಸ ಆಂಡ್ರಾಯ್ಡ್ ಇರುವ ಫೋನಿನಲ್ಲಿ ಹೊಸಬರಿಗೆ ಆ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ. ಹಳೆಯ ಸದಸ್ಯರ ಫೋನಿನಲ್ಲಿ ಅದು ಎಂದಿನಂತೆ ನಡೆಯುತ್ತಿರುತ್ತದೆ. ಕಾರ್ಯದರ್ಶಿಗಳ ಫೋನಿನಲ್ಲೂ ನಡೆಯುತ್ತಿರುತ್ತದೆ. ಹೊಸ ಫೋನ್ ಕೊಂಡ ಸದಸ್ಯರು ಮಾತ್ರ "ಹುಡುಕಿದರೆ ಬರ್ತಾ ಇಲ್ಲ" ಅನ್ನುತ್ತಾರೆ. ಇಂಥ ದೂರು ಬಂದರೆ ಇಂಟರ್ನೆಟ್ ಸರಿಯಿಲ್ಲ ಎಂದುಕೊಳ್ಳುವ ಮೊದಲು ಪ್ಲೇ ಕನ್ಸೋಲ್‌ನ ಪಾಲಿಸಿ ಪುಟ ತೆರೆದು ನೋಡಬೇಕು. ಎಚ್ಚರಿಕೆ ಅಲ್ಲಿ ಬಂದು ಕೂತಿರುತ್ತದೆ.

ಹಾಗಾದರೆ ವರ್ಷ ಬಿಟ್ಟು ವರ್ಷ ಅಪ್‌ಡೇಟ್ ಮಾಡಿದರೆ ಅರ್ಧ ಖರ್ಚು ಉಳಿಯುತ್ತದೆ ಅಲ್ವಾ? ಮಂಡಳಿಯ ಒಬ್ಬ ಸದಸ್ಯರು ಇದನ್ನೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಿಯಮದ ಪ್ರಕಾರ ಹಾಗೆ ಮಾಡಬಹುದು. ಆದರೆ ಬಿಟ್ಟ ವರ್ಷದ ಡಿಸೆಂಬರ್‌ನಲ್ಲಿ ಚಾಲಿ ದರ ತಪ್ಪು ಸಾಲಿನಲ್ಲಿ ಕಾಣುತ್ತಿದೆ ಎಂದುಕೊಳ್ಳಿ. ಎರಡು ಸಾಲಿನ ಕೋಡ್ ಬದಲಿಸಿದರೆ ಮುಗಿಯುವ ಕೆಲಸ. ಬದಲಿಸಿ ಅಪ್‌ಲೋಡ್ ಮಾಡಲು ಹೋದರೆ ಕನ್ಸೋಲ್ ಹೀಗೆ ಹೇಳಿ ತಡೆಯುತ್ತದೆ:

```
Your app currently targets API level 34 and must target
at least API level 35
```

ಎರಡು ಸಾಲಿನ ರಿಪೇರಿಗಾಗಿ ಇಡೀ ವರ್ಷದ ಕೆಲಸವನ್ನು ಕೊನೆ ಕೊಯ್ಲಿನ ನಡುವೆ ಮಾಡಬೇಕಾಗುತ್ತದೆ. ಮಾರುಕಟ್ಟೆಗೆ ಅಡಿಕೆ ಜಾಸ್ತಿ ಬರುವ, ದಿನಕ್ಕೆ ನಾಲ್ಕು ಸಲ ಜನ ದರ ನೋಡುವ ಹೊತ್ತು ಅದು. ಆ ಹೊತ್ತಿನಲ್ಲಿ ಪರೀಕ್ಷೆ ಮಾಡದ ಬಿಲ್ಡ್ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಪ್ರತಿ ವರ್ಷ ಅಪ್‌ಡೇಟ್ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಯಾವ ದಿನ ಬೇಕಾದರೂ ಒಂದು ಸಣ್ಣ ರಿಪೇರಿ ಅಪ್‌ಲೋಡ್ ಮಾಡುವ ಸ್ಥಿತಿಯಲ್ಲಿ ಆ್ಯಪ್ ಇರಬೇಕು. ಸಂಘ ದುಡ್ಡು ಕೊಡುವುದು ಆ ಸ್ಥಿತಿಗೆ.

ಆ್ಯಪಲ್ ಕಡೆಯ ಗಡುವು ಬೇರೆ ಕಾಲಕ್ಕೆ ಬೀಳುತ್ತದೆ. ಐಫೋನ್ ಆ್ಯಪ್ ಕಟ್ಟುವ ಆ್ಯಪಲ್‌ನ ಸಾಧನ ಎಕ್ಸ್‌ಕೋಡ್. 2025ರ ಏಪ್ರಿಲ್ 24ರಿಂದ ಅದರ 16 ಅಥವಾ ಹೊಸ ಆವೃತ್ತಿಯಲ್ಲಿ ಕಟ್ಟಿದ ಬಿಲ್ಡ್ ಮಾತ್ರ ತೆಗೆದುಕೊಂಡರು. 2026ರ ಏಪ್ರಿಲ್ ಕೊನೆಯಿಂದ ಎಕ್ಸ್‌ಕೋಡ್ 26 ಬೇಕು. ಅಂದರೆ ಸಂಘದ ಹೊಸ ಲೆಕ್ಕದ ವರ್ಷ ಶುರುವಾದ ಮೊದಲ ತಿಂಗಳಲ್ಲೇ ಐಫೋನ್ ಕೆಲಸ, ಆಮೇಲೆ ಆಗಸ್ಟ್ ಒಳಗೆ ಆಂಡ್ರಾಯ್ಡ್ ಕೆಲಸ. ನಮ್ಮ ಪುಣ್ಯಕ್ಕೆ ಎರಡೂ ಮಳೆಗಾಲದ ಆಸುಪಾಸು ಬರುತ್ತವೆ. ಮಾರುಕಟ್ಟೆಯಲ್ಲಿ ಗದ್ದಲ ಕಡಿಮೆ ಇರುವ ಕಾಲ. ಮೇ ತಿಂಗಳಲ್ಲಿ ಲೈಬ್ರರಿ, ಜೂನ್-ಜುಲೈನಲ್ಲಿ ಆಂಡ್ರಾಯ್ಡ್, ಆಗಸ್ಟ್ ಮೊದಲ ವಾರ ಬಿಡುಗಡೆ ಎಂದು ಇಟ್ಟುಕೊಂಡಿದ್ದೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ತುರ್ತು ರಿಪೇರಿ ಬಿಟ್ಟು ಬೇರೆ ಏನನ್ನೂ ಬಿಡುವುದಿಲ್ಲ.

34ರಿಂದ 35ಕ್ಕೆ ಏರಿಸಿದಾಗ ಆದದ್ದು

ಕಾಗದದ ಮೇಲೆ ಇದು ಎರಡು ಸಂಖ್ಯೆಯ ಬದಲಾವಣೆ. `android/app/build.gradle`ನಲ್ಲಿ:

```
android {
    compileSdk = 35
    defaultConfig {
        targetSdk = 35
    }
}
```

ಬಿಲ್ಡ್ ಆಯಿತು. ಹಳೆಯ ಫೋನಿನಲ್ಲಿ ಓಡಿಸಿದರೆ ಯಾವ ವ್ಯತ್ಯಾಸವೂ ಇಲ್ಲ. ಆಂಡ್ರಾಯ್ಡ್ 15 ಇರುವ ಫೋನಿಗೆ ಹಾಕಿದಾಗ ಲಾಟ್ ಪುಟದ ತಳದಲ್ಲಿದ್ದ "ಚೀಟಿ ಸ್ಕ್ಯಾನ್ ಮಾಡಿ" ಗುಂಡಿಯ ಅರ್ಧ ಭಾಗ ಫೋನಿನ ಹಿಂದೆ-ಮನೆ-ಇತ್ತೀಚಿನ ಎಂಬ ಮೂರು ಗುಂಡಿಗಳ ಪಟ್ಟಿಯ ಅಡಿಗೆ ಹೋಗಿತ್ತು. ಕಾರಣ, 35ಕ್ಕೆ ಹೊಂದಿಸಿದ ಆ್ಯಪ್ ಆಂಡ್ರಾಯ್ಡ್ 15ರಲ್ಲಿ ಪರದೆಯ ತುದಿಯಿಂದ ತುದಿಗೆ ಹರಡಿಕೊಳ್ಳಲೇಬೇಕು. ಮೇಲಿನ ಸ್ಟೇಟಸ್ ಪಟ್ಟಿ, ಕೆಳಗಿನ ಗುಂಡಿಗಳ ಪಟ್ಟಿ ಎರಡೂ ಈಗ ಆ್ಯಪ್‌ನ ಮೇಲೆ ತೇಲುತ್ತವೆ. ಬೆರಳು ಜಾರಿಸಿ ಫೋನ್ ಬಳಸುವವರಿಗೆ ಕೆಳಗೆ ಒಂದು ತೆಳು ಗೆರೆ ಮಾತ್ರ ಇರುವುದರಿಂದ ಇದು ಗೊತ್ತೇ ಆಗುವುದಿಲ್ಲ. ನಮ್ಮ ಸದಸ್ಯರಲ್ಲಿ ತುಂಬಾ ಜನ ಮೂರು ಗುಂಡಿಯನ್ನೇ ಇಟ್ಟುಕೊಂಡವರು. ಅದಕ್ಕೇ ಪರೀಕ್ಷೆಯ ಫೋನನ್ನೂ ಮೂರು ಗುಂಡಿಗೆ ಹಾಕಿಟ್ಟಿದ್ದೇನೆ.

ಫ್ಲಟರ್‌ನ ಸಿದ್ಧ ತಳಪಟ್ಟಿ ಬಳಸಿದ ಪುಟಗಳು ತಾವಾಗಿಯೇ ಜಾಗ ಬಿಟ್ಟುಕೊಂಡವು. ನಾನೇ ಕೈಯಿಂದ ಜೋಡಿಸಿದ ತಳದ ಸಾಲುಗಳಿಗೆ ಮಾತ್ರ ಇದು ಬೇಕಾಯಿತು:

```
SafeArea(
  top: false,
  child: scanButtonRow,
)
```

ಇದನ್ನು ಮುಂದೂಡುವ ದಾರಿಯೂ ಒಂದಿತ್ತು. ಥೀಮ್‌ನಲ್ಲಿ `windowOptOutEdgeToEdgeEnforcement` ಎಂದು ಹಾಕಿದರೆ 35ರಲ್ಲಿ ಹಳೆಯ ರೀತಿಯೇ ಉಳಿಯುತ್ತದೆ. ಆದರೆ 36ಕ್ಕೆ ಏರಿಸಿದಾಗ ಆ ವಿನಾಯಿತಿ ಲೆಕ್ಕಕ್ಕಿಲ್ಲ. ಒಂದು ವರ್ಷ ಮುಂದೂಡಿದರೆ ಕೆಲಸ ಕಡಿಮೆ ಆಗುವುದಿಲ್ಲ, ಮುಂದಿನ ವರ್ಷದ ಕೆಲಸದ ಮೇಲೆ ಕೂರುತ್ತದೆ. ಅದಕ್ಕೇ ಬಳಸಲಿಲ್ಲ.

ಪ್ರತಿ ಮೆಟ್ಟಿಲೂ ಇಷ್ಟೇ ಎತ್ತರ ಇರುವುದಿಲ್ಲ ಅನ್ನುವುದನ್ನೂ ಬಜೆಟ್‌ನಲ್ಲಿ ಹೇಳಬೇಕಾಯಿತು. 33ರಲ್ಲಿ ನೋಟಿಫಿಕೇಶನ್ ಕಳಿಸುವುದಕ್ಕೂ ಬಳಸುವವರ ಒಪ್ಪಿಗೆ ಕೇಳಬೇಕಾಯಿತು. ದರ ತಿಳಿಸುವ ಆ್ಯಪ್‌ಗೆ ಅದು ದೊಡ್ಡ ಬದಲಾವಣೆ. ಯಾಕೆ ಒಪ್ಪಬೇಕು ಎಂದು ಕನ್ನಡದಲ್ಲಿ ವಿವರಿಸುವ ಒಂದು ಪುಟವನ್ನೇ ಸೇರಿಸಿದೆವು. 34 ನಮ್ಮ ಮಟ್ಟಿಗೆ ಸಲೀಸಾಗಿ ಹೋಯಿತು. 36ರಲ್ಲಿ ಹಿಂದೆ ಹೋಗುವ ಗುಂಡಿಯ ರೀತಿ ಬದಲಾಗುತ್ತದೆ. ಹಿಂದೆ ಹೋದರೆ ಯಾವ ಪುಟ ಬರುತ್ತದೆ ಎಂದು ಫೋನ್ ಮೊದಲೇ ಇಣುಕಿಸಿ ತೋರಿಸುತ್ತದೆ. ಹಳೆಯ `WillPopScope` ಇದ್ದ ಕಡೆಯೆಲ್ಲ `PopScope` ಬರಬೇಕು. ಟ್ಯಾಬ್ಲೆಟ್‌ನಂಥ ದೊಡ್ಡ ಪರದೆಯಲ್ಲಿ "ಉದ್ದಕ್ಕೇ ನಿಲ್ಲು" ಎಂದು ಹೇಳಿದ್ದನ್ನೂ 36 ಕೇಳುವುದಿಲ್ಲ. ಸಂಘದ ಕೌಂಟರ್‌ನಲ್ಲಿ ಇರುವುದೇ ಒಂದು ಟ್ಯಾಬ್ಲೆಟ್. ಇವೆಲ್ಲ ಸೇರಿಸಿ ಆಂಡ್ರಾಯ್ಡ್ ಮೆಟ್ಟಿಲಿಗೆ 20 ತಾಸು ಇಟ್ಟೆ.

ಲೈಬ್ರರಿಗಳು: ನಿಜವಾದ ಖರ್ಚು ಇಲ್ಲಿದೆ

ನಮ್ಮ ಆ್ಯಪ್ ನೇರವಾಗಿ ಬಳಸುವ ಲೈಬ್ರರಿಗಳು 11. ವರ್ಷದ ಲೆಕ್ಕ ಶುರು ಮಾಡುವುದೇ ಈ ಆಜ್ಞೆಯಿಂದ:

```
flutter pub outdated
```

ನಾಲ್ಕು ಕಾಲಂ ಬರುತ್ತವೆ. `Current` ಈಗ ಇರುವುದು. `Upgradable` ಈಗಿನ ಪಟ್ಟಿ ಮುಟ್ಟದೆ ಏರಬಹುದಾದದ್ದು. `Resolvable` ಪಟ್ಟಿ ತಿದ್ದಿದರೆ ಎಲ್ಲ ಲೈಬ್ರರಿಗಳೂ ಒಂದಕ್ಕೊಂದು ಒಪ್ಪುವಷ್ಟು. `Latest` ಅತಿ ಹೊಸದು. ನಾನು ಮೊದಲು ನೋಡುವುದು ಕೊನೆಯ ಎರಡು ಕಾಲಂಗಳನ್ನು. `Resolvable`ಗಿಂತ `Latest` ಮುಂದಿದ್ದರೆ, ಬೇರೆ ಯಾವುದೋ ಲೈಬ್ರರಿ ಕಾಲು ಹಿಡಿದು ಎಳೆಯುತ್ತಿದೆ ಎಂದರ್ಥ. ಮುಂದೆ ತೊಂದರೆ ಕೊಡುವುದು ಸಾಮಾನ್ಯವಾಗಿ ಆ ಎಳೆಯುವ ಲೈಬ್ರರಿಯೇ.

ಆಮೇಲೆ ಪ್ರತಿಯೊಂದನ್ನೂ ತೂಗಿ ನೋಡಿದೆ. ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಷ್ಟೇ ಬರೆದವು ಏಳು. ದಿನಾಂಕ ಬರೆಯುವುದು, ಸಂಖ್ಯೆಗೆ ಅಲ್ಪವಿರಾಮ ಹಾಕುವುದು, ಸರ್ವರ್‌ನಿಂದ ದರ ತರುವುದು ಇಂಥವು. ಇವಕ್ಕೆ ತಲಾ 1 ತಾಸು ಸಾಕು. ಆಂಡ್ರಾಯ್ಡ್ ಮತ್ತು ಐಫೋನ್‌ನ ಸ್ವಂತ ಕೋಡ್ ಒಳಗಿರುವವು ಮೂರು. ನೋಟಿಫಿಕೇಶನ್ ಅದರಲ್ಲೊಂದು. ತಲಾ 4 ತಾಸು. ಕ್ಯಾಮೆರಾ ಹಿಡಿದು ಕ್ಯೂಆರ್ ಓದುವ ಸ್ಕ್ಯಾನರ್ ಒಂದು. ಅದಕ್ಕೆ 10 ತಾಸು. ಒಟ್ಟು 29.

ಸ್ಕ್ಯಾನರ್‌ಗೆ ಇಷ್ಟೊಂದು ಯಾಕೆ ಎಂದರೆ, ಅದರ ಹೊಟ್ಟೆಯಲ್ಲಿ `.so` ಫೈಲ್ ಇದೆ. ಅದು ಮೊದಲೇ ಕಂಪೈಲ್ ಆಗಿ ಬಂದ ಗಟ್ಟಿ ಕೋಡ್, ನಾವು ಒಳಗೆ ಕೈ ಹಾಕುವಂತಿಲ್ಲ. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಮೇಲಿನದಕ್ಕೆ ಹೊಂದಿಸಿದ ಆ್ಯಪ್‌ಗಳು 64 ಬಿಟ್ ಫೋನುಗಳಲ್ಲಿ 16 ಕೆಬಿ ಮೆಮೊರಿ ಪುಟಕ್ಕೆ ಒಗ್ಗಬೇಕು ಎಂಬ ನಿಯಮ ಬಂತು. ಮೊದಲು ಆಂಡ್ರಾಯ್ಡ್ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ಹಂಚುತ್ತಿತ್ತು. `.so` ಫೈಲ್‌ಗಳನ್ನೂ ಅದೇ ಅಳತೆಗೆ ಜೋಡಿಸಿ ಕಟ್ಟುತ್ತಿದ್ದರು. 16 ಕೆಬಿ ಪುಟದ ಫೋನಿನಲ್ಲಿ ಆ ಜೋಡಣೆ ಹೊಂದುವುದಿಲ್ಲ. ಬರೀ ಡಾರ್ಟ್ ಮತ್ತು ಕಾಟ್ಲಿನ್ ಕೋಡ್‌ಗೆ ಈ ಚಿಂತೆ ಇಲ್ಲ.

ನೋಡುವ ಬಗೆ ಹೀಗೆ. ಎಪಿಕೆ ಫೈಲ್ ಬಿಚ್ಚಿ, `lib/arm64-v8a` ಒಳಗಿನ ಪ್ರತಿ `.so` ಮೇಲೆ ಇದನ್ನು ಓಡಿಸಬೇಕು:

```
llvm-objdump -p FILE.so | grep LOAD
```

ಸಾಲಿನ ಕೊನೆಯಲ್ಲಿ `align 2**14` ಎಂದಿದ್ದರೆ ಸರಿ, ಅದು 16 ಕೆಬಿ. `2**12` ಎಂದಿದ್ದರೆ ಇನ್ನೂ 4 ಕೆಬಿಯಲ್ಲೇ ಇದೆ. ಫ್ಲಟರ್‌ನ ಫೈಲ್‌ಗಳು ಸರಿಯಾಗಿದ್ದವು. ಸ್ಕ್ಯಾನರ್‌ದು ಮಾತ್ರ `2**12` ತೋರಿಸಿತು. 32 ಬಿಟ್‌ನ `armeabi-v7a` ಫೋಲ್ಡರ್‌ನಲ್ಲಿ ಹೀಗೆ ಕಂಡರೆ ಗಾಬರಿ ಬೇಡ, ನಿಯಮ ಇರುವುದು 64 ಬಿಟ್‌ಗೆ. ಇದರ ಜೊತೆಗೆ ಎಪಿಕೆ ಒಳಗಿನ ಜೋಡಣೆಯನ್ನೂ ನೋಡಬೇಕು. ಬಿಲ್ಡ್ ಟೂಲ್ಸ್ 35 ಅಥವಾ ಹೊಸದು ಇದ್ದರೆ ಈ ಆಜ್ಞೆ ಸಾಕು:

```
zipalign -c -P 16 -v 4 app-release.apk
```

ಸ್ಕ್ಯಾನರ್ ಬರೆದವರು ಹೊಸ ಆವೃತ್ತಿಯಲ್ಲಿ ಇದನ್ನು ಸರಿ ಮಾಡಿದ್ದರು. ಆದರೆ ನಮ್ಮದು ಅದರಿಂದ ಎಷ್ಟೋ ಆವೃತ್ತಿ ಹಿಂದೆ ಇತ್ತು. ನಡುವೆ ಅವರು ಕ್ಯಾಮೆರಾ ಶುರು ಮಾಡುವ, ನಿಲ್ಲಿಸುವ ರೀತಿಯನ್ನೇ ಬದಲಿಸಿದ್ದರು. ಹೊಸದು ಹಾಕಿದಾಗ, ಒಂದು ಚೀಟಿ ಓದಿ ಹಿಂದೆ ಬಂದು ಎರಡನೇ ಚೀಟಿ ಹಿಡಿದರೆ ಪರದೆ ಕಪ್ಪಾಗುತ್ತಿತ್ತು. ಪುಟ ಬಿಡುವಾಗ ಕ್ಯಾಮೆರಾ ನಿಲ್ಲಿಸುವ, ಮರಳಿದಾಗ ಮತ್ತೆ ಶುರು ಮಾಡುವ ಭಾಗವನ್ನು ಹೊಸದಾಗಿ ಬರೆದ ಮೇಲೆ ಸರಿಹೋಯಿತು. ತೂಕದ ಕೌಂಟರ್‌ನ ಮಂದ ಬೆಳಕಿನಲ್ಲಿ, ಮಡಿಸಿ ಸುಕ್ಕಾದ ಚೀಟಿ ಹಿಡಿದು ಇನ್ನೊಮ್ಮೆ ಪರೀಕ್ಷೆ ಮಾಡಿದ್ದೂ ಇದೇ ಲೆಕ್ಕದಲ್ಲಿ ಬರುತ್ತದೆ. 10 ತಾಸು ಅನ್ನುವುದು ಇವೆಲ್ಲ ಸೇರಿ.

ಲೈಬ್ರರಿ ಏರಿಸುವಾಗ ಎಲ್ಲವನ್ನೂ ಒಟ್ಟಿಗೆ ಏರಿಸುವ ಆಜ್ಞೆಯೂ ಇದೆ. ನಾನು ಅದನ್ನು ಮುಟ್ಟುವುದಿಲ್ಲ. ಒಂದು ಏರಿಸಿ, ಬಿಲ್ಡ್ ಮಾಡಿ, ಗಿಟ್‌ನಲ್ಲಿ ಕಮಿಟ್ ಮಾಡಿ, ಆಮೇಲೆ ಮುಂದಿನದು. ಮೊದಲು ನಿಧಾನ ಅನ್ನಿಸುತ್ತದೆ. ಆದರೆ ಏನಾದರೂ ಒಡೆದಾಗ ಯಾರಿಂದ ಒಡೆಯಿತು ಎಂದು ಹುಡುಕುವ ಸಮಯ ಪೂರ್ತಿ ಉಳಿಯುತ್ತದೆ.

ಮೀಸಲು ನಿಧಿ ಯಾಕೆ ಬೇಕು ಅನ್ನುವುದಕ್ಕೆ ಕಳೆದ ವರ್ಷದ ಇನ್ನೊಂದು ಲೈಬ್ರರಿ ಸಾಕ್ಷಿ. ಸದಸ್ಯರ ಮಾರಾಟದ ಪಟ್ಟಿಯ ಪಿಡಿಎಫ್ ತೆರೆಯುವುದಕ್ಕೆ ಒಂದು ಸಣ್ಣ ಪ್ಲಗಿನ್ ಇತ್ತು. ಬರೆದವರು ಕೈಬಿಟ್ಟು ವರ್ಷಗಳಾಗಿದ್ದವು. `compileSdk` 35ಕ್ಕೆ ಹೋಗಬೇಕಾದರೆ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ರ ಸರಣಿಗೆ ಬರಬೇಕು. ಬಂದ ಕೂಡಲೇ ಬಿಲ್ಡ್ ಇಲ್ಲಿ ನಿಂತಿತು:

```
Namespace not specified. Specify a namespace
in the module's build file.
```

ಇದಕ್ಕೆ ಮದ್ದು ಸುಲಭ. ಪ್ಲಗಿನ್‌ನ ಪ್ರತಿ ಮಾಡಿಕೊಂಡು ಅದರ ಗ್ರೇಡಲ್ ಫೈಲ್‌ಗೆ ಒಂದು ಸಾಲು ಸೇರಿಸಿದರೆ ಆಯಿತು. ಸೇರಿಸಿದೆ, ಮುಂದೆ ಹೋಯಿತು. ಆದರೆ ಫ್ಲಟರ್ 3.29ರಲ್ಲಿ ಹಳೆಯ ಆಂಡ್ರಾಯ್ಡ್ ಜೋಡಣೆಯ ಕೋಡ್‌ನ್ನೇ ತೆಗೆದುಹಾಕಿದರು. ಈ ಪ್ಲಗಿನ್ ಅದರ `Registrar` ಅನ್ನು ನೆಚ್ಚಿಕೊಂಡಿತ್ತು. ಅಲ್ಲಿಗೆ `cannot find symbol` ಎಂದು ಮತ್ತೆ ನಿಂತಿತು. ಹೀಗೆ ತೇಪೆಯ ಮೇಲೆ ತೇಪೆ ಹಾಕುವ ಬದಲು ಪ್ಲಗಿನ್ನನ್ನೇ ತೆಗೆದು, ಪಿಡಿಎಫ್‌ನ್ನು ಫೋನಿನಲ್ಲಿ ಇರುವ ಬೇರೆ ಆ್ಯಪ್‌ಗೆ ಕಳಿಸಿ ತೆರೆಯುವಂತೆ ಮಾಡಿದೆ. ಸದಸ್ಯರಿಗೆ ಅದು ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ತೆರೆದ ಹಾಗೆಯೇ ಕಾಣುತ್ತದೆ. ಲೈಬ್ರರಿ ಪಟ್ಟಿಯಲ್ಲಿ ಒಂದು ಕಡಿಮೆ ಆಗಿ 11ಕ್ಕೆ ಬಂದದ್ದು ಹೀಗೆ.

ಈಗ ನಾನು ಪ್ರತಿ ಲೈಬ್ರರಿಯ ಮುಂದೆ ಅದರ ಕೊನೆಯ ಬಿಡುಗಡೆಯ ತಿಂಗಳನ್ನು ಬರೆದಿಡುತ್ತೇನೆ. ಒಂದೂವರೆ ವರ್ಷದಿಂದ ಸದ್ದಿಲ್ಲ, ಒಳಗೆ ಆಂಡ್ರಾಯ್ಡ್ ಅಥವಾ ಐಫೋನ್ ಕೋಡ್ ಬೇರೆ ಇದೆ ಎಂದಾದರೆ, ಅದನ್ನು ಬದಲಿಸುವ ಖರ್ಚು ಬಜೆಟ್‌ಗೆ ಬರುತ್ತದೆ. ಬರೀ ಡಾರ್ಟ್ ಲೈಬ್ರರಿ ಸದ್ದಿಲ್ಲದೆ ಇದ್ದರೆ ಅಷ್ಟು ಹೆದರುವುದಿಲ್ಲ, ಅದು ಮುಗಿದ ಕೆಲಸವೂ ಆಗಿರಬಹುದು. ಈ ವರ್ಷ ಹಾಗೆ ಬದಲಿಸಬೇಕಾಗಬಹುದಾದ ಲೈಬ್ರರಿ ಒಂದು ಇದೆ. ಅದಕ್ಕೆ 24 ತಾಸಿನ ಮೀಸಲು.

ಆ್ಯಪ್‌ನ ಹೊರಗಿನ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು. ಗೂಗಲ್ ತನ್ನ ಹಳೆಯ ನೋಟಿಫಿಕೇಶನ್ ವ್ಯವಸ್ಥೆಯನ್ನು 2024ರ ಜುಲೈನಿಂದ ಮುಚ್ಚಲು ಶುರು ಮಾಡಿತು. ಸರ್ವರ್‌ನಲ್ಲಿ `fcm.googleapis.com/fcm/send` ಗೆ ಒಂದು ಸ್ಥಿರ ಕೀ ಕೊಟ್ಟು ದರ ಕಳಿಸುತ್ತಿದ್ದ ಸ್ಕ್ರಿಪ್ಟ್ ನಮ್ಮದೂ ಇತ್ತು. ಅದನ್ನು ಹೊಸ ವಿಧಾನಕ್ಕೆ ಬದಲಿಸಿದೆವು. ಹೊಸದರಲ್ಲಿ ಸರ್ವಿಸ್ ಅಕೌಂಟ್‌ನಿಂದ ಸ್ವಲ್ಪ ಹೊತ್ತಷ್ಟೇ ಬಾಳುವ ಟೋಕನ್ ಪಡೆದು ಕಳಿಸಬೇಕು. ಆ್ಯಪ್‌ನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಿಸದಿದ್ದರೆ ಮಾತ್ರ ಸಂಜೆಯ ದರ ಯಾರಿಗೂ ಹೋಗುತ್ತಿರಲಿಲ್ಲ. ಲೈಬ್ರರಿ ಪಟ್ಟಿಯ ಜೊತೆ ಸರ್ವರ್ ಯಾರ್ಯಾರ ಜೊತೆ ಮಾತಾಡುತ್ತದೆ ಅನ್ನುವ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಇದಕ್ಕೇ.

ಸ್ಟೋರ್ ಶುಲ್ಕ ಮತ್ತು ಐಫೋನ್ ಪ್ರಶ್ನೆ

ಶುಲ್ಕದ ಭಾಗ ಚಿಕ್ಕದು. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಅದು 2023ರಲ್ಲೇ ಮುಗಿಯಿತು. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ಡಾಲರ್‌ಗೆ ₹90 ಹಿಡಿದರೆ ₹8,910. ಅದರ ಮೇಲೆ ಜಿಎಸ್‌ಟಿ, ಬ್ಯಾಂಕಿನ ವಿದೇಶಿ ವಹಿವಾಟಿನ ಶುಲ್ಕ ಬಿದ್ದರೂ ತಡೆದುಕೊಳ್ಳಲಿ ಎಂದು ₹11,000 ಇಟ್ಟೆ. ಆ್ಯಪ್ ಉಚಿತ, ಒಳಗೆ ಏನನ್ನೂ ಮಾರುವುದಿಲ್ಲ. ಹಾಗಾಗಿ ಸ್ಟೋರ್‌ಗಳ ಕಮಿಷನ್ ನಮಗೆ ತಾಗುವುದಿಲ್ಲ. ಆ್ಯಪ್ ಒಳಗೆ ಚಂದಾ ಮಾರುವವರು ಮಾತ್ರ ಆ ಪಾಲನ್ನೂ ಬರೆದುಕೊಳ್ಳಬೇಕು. ಸಣ್ಣ ಆದಾಯದವರಿಗೆ ಆ್ಯಪಲ್ ಕಡೆ ನೂರಕ್ಕೆ 15ರ ಯೋಜನೆ ಇದೆ. ಆದರೆ ಅದಕ್ಕೆ ತಾವಾಗಿಯೇ ಹೆಸರು ನೋಂದಾಯಿಸಬೇಕು.

ಶುಲ್ಕ ಚಿಕ್ಕದಾದರೂ ಮರೆತರೆ ಏಟು ಜೋರು. ಆ್ಯಪಲ್ ಸದಸ್ಯತ್ವ ಮುಗಿದರೆ ಆ್ಯಪ್ ಸ್ಟೋರ್‌ನಿಂದ ಇಳಿಯುತ್ತದೆ. ಖಾತೆ ಸಂಘದ ಹೆಸರಿನಲ್ಲೇ ಇರಬೇಕು, ನನ್ನ ಹೆಸರಿನಲ್ಲಿ ಬೇಡ ಎಂದು ಮೊದಲೇ ಹೇಳಿದ್ದೆ. ಅದಕ್ಕೆ ಬೇಕಾದ ಡಿ-ಯು-ಎನ್-ಎಸ್ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಮಿಂಚಂಚೆ ವಿಳಾಸವೂ ಸಂಘದ್ದೇ. ಕಾರ್ಯದರ್ಶಿ ಬದಲಾದರೂ ನವೀಕರಣದ ನೆನಪೋಲೆ ಸಂಘಕ್ಕೇ ಬರುತ್ತದೆ. ನೋಟಿಫಿಕೇಶನ್‌ಗೆ ವರ್ಷಕ್ಕೊಮ್ಮೆ ಮುಗಿಯುವ ಸರ್ಟಿಫಿಕೇಟ್ ಬದಲು `.p8` ಕೀ ಬಳಸಿದ್ದೇವೆ. ಅದಕ್ಕೆ ಅವಧಿ ಇಲ್ಲ, ಅಷ್ಟರಮಟ್ಟಿಗೆ ಒಂದು ಗಡುವು ಕಡಿಮೆ.

ಐಫೋನ್‌ನ ದೊಡ್ಡ ಖರ್ಚು ಕಣ್ಣಿಗೆ ಕಾಣದ ಕಡೆ ಇದೆ. ಎಕ್ಸ್‌ಕೋಡ್ 16ಕ್ಕೆ ಮ್ಯಾಕ್‌ನಲ್ಲಿ ಸೊನೋಮಾ 14.5 ಬೇಕಿತ್ತು. 26ಕ್ಕೆ ಸಿಕ್ವೊಯಾ 15.6 ಬೇಕು. ಹಳೆಯ ಮ್ಯಾಕ್ ಚೆನ್ನಾಗಿ ಓಡುತ್ತಿದ್ದರೂ ಆ ಆವೃತ್ತಿ ಹತ್ತದಿದ್ದರೆ ಬಿಲ್ಡ್ ಮಾಡುವಂತಿಲ್ಲ. ಉದಾಹರಣೆಗೆ 2017ರ ಮ್ಯಾಕ್‌ಬುಕ್ ಪ್ರೊಗೆ ಸೊನೋಮಾ ಬರಲೇ ಇಲ್ಲ. ₹60,000ದ ಮ್ಯಾಕ್ ಮಿನಿ ಐದು ವರ್ಷ ಬಾಳುತ್ತದೆ ಎಂದು ಹಿಡಿದರೆ ವರ್ಷಕ್ಕೆ ₹12,000. ಅದರಲ್ಲಿ ನಾನು ಮೂರು ಕಡೆಯ ಕೆಲಸ ಮಾಡುವುದರಿಂದ ಸಂಘದ ಪಾಲು ₹4,000. ಪರೀಕ್ಷೆಗೆ ₹15,000ದ ಒಂದು ಆಂಡ್ರಾಯ್ಡ್ ಫೋನ್ ಮೂರು ವರ್ಷಕ್ಕೊಮ್ಮೆ, ಅದು ವರ್ಷಕ್ಕೆ ₹5,000.

ಎಲ್ಲ ಒಂದೆಡೆ ಬರೆದಾಗ ಹೀಗೆ ಬಂತು. ನನ್ನ ದರ ತಾಸಿಗೆ ₹1,000.

| ಬಾಬ್ತು | ತಾಸು | ರೂ. |
|---|---|---|
| ಆ್ಯಪಲ್ ಸದಸ್ಯತ್ವ | – | 11,000 |
| ಸರ್ವರ್, ಡೊಮೇನ್ | – | 9,400 |
| ಆಂಡ್ರಾಯ್ಡ್ ಮೆಟ್ಟಿಲು | 20 | 20,000 |
| ಐಫೋನ್ ಬಿಲ್ಡ್ | 12 | 12,000 |
| ಲೈಬ್ರರಿಗಳು | 29 | 29,000 |
| ಫೋನುಗಳಲ್ಲಿ ಪರೀಕ್ಷೆ | 10 | 10,000 |
| ಸ್ಟೋರ್ ಫಾರ್ಮ್, ಪತ್ರ ವ್ಯವಹಾರ | 5 | 5,000 |
| ಮೀಸಲು | 24 | 24,000 |
| ಮ್ಯಾಕ್, ಫೋನ್ ಸವಕಳಿ | – | 9,000 |
| ಒಟ್ಟು | 100 | 1,29,400 |

ಕಟ್ಟಿದ ಖರ್ಚಿನ ನೂರಕ್ಕೆ 29ರ ಹತ್ತಿರ. ಸ್ಟೋರ್ ಶುಲ್ಕ ಇದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. "ಸ್ಟೋರ್‌ನವರಿಗೆ ವರ್ಷಾ ವರ್ಷ ಕಟ್ಟಬೇಕಂತೆ" ಎಂದು ಮಂಡಳಿಯಲ್ಲಿ ಮಾತು ಬಂದಾಗ ನಾನು ಮೊದಲು ತೋರಿಸಿದ್ದು ಈ ಸಾಲನ್ನೇ. ಸ್ಟೋರ್ ಫಾರ್ಮ್ ಸಾಲಿನ ಬಗ್ಗೆಯೂ ಕೇಳಿದರು. ಯಾವ ಮಾಹಿತಿ ಸಂಗ್ರಹಿಸುತ್ತೀರಿ, ಯಾರಿಗೆ ಕೊಡುತ್ತೀರಿ ಎಂಬ ಪ್ರಶ್ನೆಗಳಿಗೆ ಎರಡೂ ಸ್ಟೋರ್‌ಗಳಲ್ಲಿ ಉತ್ತರ ಕೊಟ್ಟಿರಬೇಕು. ಲೈಬ್ರರಿ ಬದಲಾದರೆ ಆ ಉತ್ತರವೂ ಬದಲಾಗಬಹುದು.

ಐಫೋನ್ ಕೈಬಿಟ್ಟರೆ ಎಷ್ಟು ಉಳಿಯುತ್ತದೆ ಎಂದೂ ಕೇಳಿದರು. ಸದಸ್ಯತ್ವ 11,000, ಬಿಲ್ಡ್ 12,000, ಮ್ಯಾಕ್ 4,000, ಪರೀಕ್ಷೆಯ ಅರ್ಧ 5,000. ಒಟ್ಟು ₹32,000. ಸದಸ್ಯರಲ್ಲಿ ಐಫೋನ್ ಇರುವವರು ತೀರಾ ಕಡಿಮೆ. ಆದರೆ ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ಮಕ್ಕಳು ಊರಿನ ಅಪ್ಪ ಅಮ್ಮನ ಲಾಟ್ ನೋಡುವುದು ಅದರಲ್ಲೇ. ಅಡಿಕೆ ಈಗ ಬಿಡಬೇಕೋ ಇನ್ನೂ ಇಡಬೇಕೋ ಎಂದು ಮನೆಯವರು ಫೋನಿನಲ್ಲಿ ಮಾತಾಡುವಾಗ ಎರಡೂ ಕಡೆ ಒಂದೇ ದರ ಕಾಣುವುದು ಅವರಿಗೆ ಬೇಕು. ಇರಲಿ ಎಂದು ಮಂಡಳಿ ತೀರ್ಮಾನಿಸಿತು. ನಾನು ಆ ₹32,000ವನ್ನು ಬೇರೆ ಸಾಲಾಗಿಯೇ ತೋರಿಸುತ್ತಾ ಹೋಗುತ್ತೇನೆ. ಮುಂದೆ ಬೇಡ ಅನ್ನಿಸಿದರೆ ಲೆಕ್ಕ ಕೈಯಲ್ಲಿರುತ್ತದೆ.

ಹಣ ಮೂರು ಕಂತು. ಏಪ್ರಿಲ್‌ನಲ್ಲಿ ಶುಲ್ಕಗಳು ಮತ್ತು ಐಫೋನ್ ಕೆಲಸದ್ದು, ಆಗಸ್ಟ್ ಬಿಡುಗಡೆಯ ನಂತರ ಆಂಡ್ರಾಯ್ಡ್ ಮತ್ತು ಲೈಬ್ರರಿಯದ್ದು, ಉಳಿದದ್ದು ಮಾರ್ಚ್‌ನಲ್ಲಿ. ಮೀಸಲಿನ 24 ತಾಸು ಖರ್ಚಾಗದಿದ್ದರೆ ಬಿಲ್ ಮಾಡುವುದಿಲ್ಲ, ಸಂಘದಲ್ಲೇ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಆಂಡ್ರಾಯ್ಡ್‌ನ ಕನಿಷ್ಠ ಆವೃತ್ತಿ ಏರಿಸುವಂತೆ ಯಾವುದಾದರೂ ಲೈಬ್ರರಿ ಒತ್ತಾಯಿಸಿದರೆ, ಹಳೆಯ ಫೋನಿನ ಎಷ್ಟು ಸದಸ್ಯರು ಹೊರಗುಳಿಯುತ್ತಾರೆ ಎಂದು ಪ್ಲೇ ಕನ್ಸೋಲ್‌ನ ಅಂಕಿ ನೋಡಿ, ಮಂಡಳಿಗೆ ತಿಳಿಸಿ, ಆಮೇಲೆ ಮಾತ್ರ ಏರಿಸುವುದು ಎಂದು ಒಪ್ಪಂದದಲ್ಲಿ ಬರೆದುಕೊಂಡಿದ್ದೇವೆ. ಏಪ್ರಿಲ್ ಮೊದಲ ಕೆಲಸ ಮ್ಯಾಕ್‌ಗೆ ಎಕ್ಸ್‌ಕೋಡ್ 26 ಹಾಕುವುದು.